ಸಾಕಿದ ಮಗುವಿಗೆ ಆಸ್ತಿಯಲ್ಲಿ ಪಾಲುಂಟೇ?



ಮಕ್ಕಳಿಲ್ಲದ ದಂಪತಿಗಳು ಮಗುವೊಂದನ್ನು ತಂದು ಸಾಕುವುದು ನಮ್ಮ ಸಮಾಜದಲ್ಲಿ ಅಪರೂಪವಲ್ಲ. ಸಾಮಾನ್ಯವಾಗಿ ಅದು ತಂಗಿಯ ಮಗುವೋ ಅಣ್ಣನ ಮಗುವೋ ಆಗಿರುತ್ತದೆ. ಕೆಲವೊಮ್ಮೆ ಯಾರೂ ಇಲ್ಲದ ಅನಾಥ ಮಗುವೂ ಇರಬಹುದು. ಆ ಮಗು ಸಾಕಿದವರನ್ನೇ ಅಪ್ಪ, ಅಮ್ಮ ಎಂದು ಕರೆಯುತ್ತಾ ಬೆಳೆಯುತ್ತದೆ. ಊರಿನವರೂ ಇವರ ಮಗಳೆಂದೇ ಗುರುತಿಸುತ್ತಾರೆ. ಮದುವೆಯ ಮಾತು ಬಂದಾಗ ಗಂಡಿನ ಕಡೆಯವರು ಬರುವುದೂ ಇವರ ಮನೆಗೇ. ಹೀಗೆ ಇಪ್ಪತ್ತು ಇಪ್ಪತ್ತೈದು ವರ್ಷ ಯಾವ ಪ್ರಶ್ನೆಯೂ ಏಳುವುದಿಲ್ಲ. ಪ್ರಶ್ನೆ ಏಳುವುದು ಸಾಕಿದ ತಂದೆ ತೀರಿಕೊಂಡ ಮೇಲೆ, ಅವರ ಅಣ್ಣ ತಮ್ಮಂದಿರು ಕೂಡಿ ಕುಳಿತು ಲೆಕ್ಕ ಹಾಕುವಾಗ. ಆಗ ಆ ಹುಡುಗಿಗೆ ಮೊದಲ ಬಾರಿಗೆ ತಿಳಿಯುತ್ತದೆ, ಈ ಮನೆಯ ಒಂದು ಇಟ್ಟಿಗೆಯೂ ತನ್ನದಲ್ಲ ಎಂದು.

ಇದು ಇಸ್ಲಾಮ್ ಆಕೆಗೆ ಮಾಡಿದ ಅನ್ಯಾಯವೇ? ಅಲ್ಲ. ಶರೀಅತ್ ತೆರೆದಿಟ್ಟ ಬಾಗಿಲನ್ನು ಸಾಕಿದವರು ತಮ್ಮ ಜೀವಿತಾವಧಿಯಲ್ಲಿ ಬಳಸದೇ ಹೋದುದರ ಫಲವಿದು. ಆ ಬಾಗಿಲು ಯಾವುದು, ಅದನ್ನು ಹೇಗೆ ಬಳಸಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಇದರೊಂದಿಗೆ, ವಿವಾಹದ ಹೊರಗೆ ಜನಿಸಿದ ಮಕ್ಕಳ ಹಕ್ಕಿನ ಬಗ್ಗೆಯೂ ತಿಳಿದುಕೊಳ್ಳೋಣ. ಆ ವಿಷಯವನ್ನು ನಾವು ನಾಚಿಕೆಯಿಂದ ಮುಚ್ಚಿಡುತ್ತೇವೆ. ಆದರೆ ಅದರ ನಷ್ಟವನ್ನು ಅನುಭವಿಸುವುದು ಯಾವ ತಪ್ಪನ್ನೂ ಮಾಡದ ಮಗು.

ಮಾತಿನಿಂದ ಮಗನಾಗುವುದಿಲ್ಲ

ಅಜ್ಞಾನ ಕಾಲದ ಅರಬರಲ್ಲಿ ದತ್ತು ಪಡೆಯುವ ಪದ್ಧತಿಯಿತ್ತು. ದತ್ತು ಪುತ್ರನನ್ನು ಸಾಕಿದವನ ಮಗನೆಂದೇ ಕರೆಯುತ್ತಿದ್ದರು, ಆಸ್ತಿಯಲ್ಲೂ ಪಾಲು ಕೊಡುತ್ತಿದ್ದರು. ಪ್ರವಾದಿವರ್ಯರು(ಸ) ಸಾಕಿದ ಹಝ್ರತ್ ಝೈದ್(ರ)ರನ್ನು ಜನರು ಮುಹಮ್ಮದರ ಮಗ ಝೈದ್ ಎಂದೇ ಕರೆಯುತ್ತಿದ್ದರು. ಸೂರಃ ಅಲ್ ಅಹ್‌ಝಾಬ್‌ನ 4 ಮತ್ತು 5ನೇ ಸೂಕ್ತಗಳು ಇದನ್ನು ಬದಲಿಸಿದವು. ಬಾಯಿಮಾತಿನಿಂದ ಇನ್ನೊಬ್ಬರ ಮಗ ನಿಮ್ಮ ಮಗನಾಗುವುದಿಲ್ಲ, ಅವರನ್ನು ಅವರ ತಂದೆಯ ಹೆಸರಿನಿಂದಲೇ ಕರೆಯಿರಿ, ತಂದೆ ಯಾರೆಂದು ತಿಳಿಯದಿದ್ದರೆ ಅವರು ನಿಮ್ಮ ಧರ್ಮಬಾಂಧವರು ಎಂಬುದು ಅದರ ಸಾರ. ಆ ನಂತರ ಝೈದ್(ರ)ರು ತಮ್ಮ ಸ್ವಂತ ತಂದೆ ಹಾರಿಸಾರ ಹೆಸರಿನಿಂದಲೇ ಕರೆಯಲ್ಪಟ್ಟರು. ಅವರ ಮೇಲೆ ಪ್ರವಾದಿಯವರಿಗಿದ್ದ(ಸ) ಪ್ರೀತಿ ಮಾತ್ರ ಕಡಿಮೆಯಾಗಲಿಲ್ಲ.

ಗಮನಿಸಿ, ಇಲ್ಲಿ ನಿಷೇಧವಾದುದು ಮಗುವನ್ನು ಸಾಕುವುದಲ್ಲ. ಅನಾಥರ ಪೋಷಣೆಗೆ ಇಸ್ಲಾಮಿನಲ್ಲಿ ಎಷ್ಟು ದೊಡ್ಡ ಪ್ರತಿಫಲವಿದೆಯೆಂಬುದು ನಿಮಗೆಲ್ಲ ತಿಳಿದದ್ದೇ. ನಿಷೇಧವಾದುದು ಮಗುವಿನ ವಂಶವನ್ನು ಅಳಿಸಿ ಸುಳ್ಳು ವಂಶವನ್ನು ಬರೆಯುವುದು. ಸೂರಃ ಅನ್ನಿಸಾದ 11, 12 ಮತ್ತು 176ನೇ ಸೂಕ್ತಗಳಲ್ಲಿ ಬಂದಿರುವ ವಾರೀಸು ಪಾಲುಗಳಿಗೆ ಆಧಾರ ರಕ್ತಸಂಬಂಧ ಮತ್ತು ವಿವಾಹ ಸಂಬಂಧ. ಆದ್ದರಿಂದ ಸಾಕು ಮಗು ಸಾಕಿದವರ ವಾರೀಸುದಾರನಲ್ಲ. ಎದೆಹಾಲು ಕುಡಿಸಿದರೆ ಹಾಲು ಸಂಬಂಧ ಉಂಟಾಗುತ್ತದೆ, ಪರದೆಯ ಪ್ರಶ್ನೆ ಬಗೆಹರಿಯುತ್ತದೆ. ಆದರೆ ಹಾಲು ಸಂಬಂಧದಿಂದ ಆಸ್ತಿಯ ಹಕ್ಕು ಬರುವುದಿಲ್ಲ.

ಇದರ ಇನ್ನೊಂದು ಮುಖವನ್ನು ನಾವು ಮರೆಯುತ್ತೇವೆ. ಸಾಕು ಮಗು ತನ್ನ ಹೆತ್ತ ತಂದೆ ತಾಯಿಯ ಸಂಪೂರ್ಣ ವಾರೀಸುದಾರನಾಗಿಯೇ ಉಳಿಯುತ್ತದೆ. ನಿನ್ನನ್ನು ಚಿಕ್ಕಮ್ಮನಿಗೆ ಕೊಟ್ಟಾಯಿತು, ನಿನಗೆ ಇಲ್ಲಿ ಪಾಲಿಲ್ಲ ಎಂದು ಒಡಹುಟ್ಟಿದವರು ಹೇಳಿದರೆ ಅದು ಸ್ಪಷ್ಟ ಅನ್ಯಾಯ. ಬೇರೆ ಮನೆಯಲ್ಲಿ ಬೆಳೆದಳೆಂಬ ಕಾರಣಕ್ಕೆ ಹೆತ್ತ ತಂದೆಯ ಆಸ್ತಿಯಲ್ಲಿ ಆಕೆಯ ಪಾಲು ಒಂದು ಪೈಸೆಯಷ್ಟೂ ಕಡಿಮೆಯಾಗುವುದಿಲ್ಲ.

ಒಂದು ಮನೆಯ ಲೆಕ್ಕ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಗಂಡ, ಹೆಂಡತಿ, ಮಕ್ಕಳಿಲ್ಲ. ಹೆಂಡತಿಯ ತಂಗಿಯ ಮಗಳನ್ನು ಹಸುಗೂಸಾಗಿದ್ದಾಗಲೇ ತಂದು ಸಾಕಿದ್ದಾರೆ. ಗಂಡನಿಗೆ ತಂದೆ ತಾಯಿ ಇಲ್ಲ, ಒಬ್ಬ ಸ್ವಂತ ತಮ್ಮ ಮತ್ತು ಒಬ್ಬಳು ಸ್ವಂತ ತಂಗಿ ಇದ್ದಾರೆ. ಗಂಡ ತೀರಿಕೊಂಡರು. ಅವರ ಹೆಸರಿನಲ್ಲಿದ್ದ ಮನೆ ಮತ್ತು ಬ್ಯಾಂಕಿನ ಹಣ ಸೇರಿ ಒಟ್ಟು 37 ಲಕ್ಷ ರೂಪಾಯಿ.

ಮೊದಲು ದಫನದ ಖರ್ಚು ಮತ್ತು ಸಾಲಗಳನ್ನು ಕಳೆಯಬೇಕು. ಹೆಂಡತಿಗೆ ಕೊಡದೆ ಉಳಿಸಿಕೊಂಡ ಮಹ್ರ್ ಕೂಡಾ ಸಾಲವೇ. ಅದನ್ನು ಹಂಚಿಕೆಗೆ ಮೊದಲೇ ಆಕೆಗೆ ಕೊಡಬೇಕು, ಪಾಲಿನಲ್ಲಿ ಸೇರಿಸಬಾರದು. ಇವೆಲ್ಲಕ್ಕೆ 1 ಲಕ್ಷ ಹೋಯಿತೆಂದುಕೊಳ್ಳಿ. ಉಳಿದದ್ದು 36 ಲಕ್ಷ.

ಪತಿಗೆ ಮಕ್ಕಳಿದ್ದರೆ ಪತ್ನಿಗೆ ಎಂಟನೇ ಒಂದು ಪಾಲು, ಇಲ್ಲದಿದ್ದರೆ ನಾಲ್ಕನೇ ಒಂದು ಪಾಲು. ಸಾಕು ಮಗಳು ಇಲ್ಲಿ ಮಗಳೆಂದು ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಪತ್ನಿಗೆ ನಾಲ್ಕನೇ ಒಂದು, ಅಂದರೆ 9 ಲಕ್ಷ. ಉಳಿದ 27 ಲಕ್ಷದಲ್ಲಿ ತಮ್ಮನಿಗೆ ಎರಡು ಪಾಲು, ತಂಗಿಗೆ ಒಂದು ಪಾಲು. ಅಂದರೆ ತಮ್ಮನಿಗೆ 18, ತಂಗಿಗೆ 9 ಲಕ್ಷ. ಸಾಕು ಮಗಳಿಗೆ ಏನೂ ಇಲ್ಲ.

ಇಲ್ಲಿ ಒಂದು ಮೋಸದ ಲೆಕ್ಕ ನಡೆಯುವುದುಂಟು. ನಿಮಗೆ ಮಗಳಿದ್ದಾಳಲ್ಲ, ನಿಮಗೆ ಎಂಟನೇ ಒಂದು ಪಾಲು ಮಾತ್ರ ಎಂದು ವಿಧವೆಗೆ ಹೇಳುತ್ತಾರೆ. ಮಗಳ ಪಾಲು ಕೇಳಿದರೆ, ಆಕೆ ಸಾಕಿದವಳು, ಆಕೆಗೆ ಪಾಲಿಲ್ಲ ಎನ್ನುತ್ತಾರೆ. ತಾಯಿಯ ಪಾಲು ಇಳಿಸುವಾಗ ಮಗಳು, ಪಾಲು ಕೊಡುವಾಗ ಪರಕೀಯಳು! ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಇಂತಹ ಮಾತು ಕೇಳಿಬಂದರೆ ಅಲ್ಲಿಗೇ ನಿಲ್ಲಿಸಿ, ತಿಳಿದ ಆಲಿಮರಿಂದ ಲೆಕ್ಕ ಬರೆಸಿಕೊಳ್ಳಿ.

ಸೂರಃ ಅನ್ನಿಸಾದ 8ನೇ ಸೂಕ್ತವು, ಆಸ್ತಿ ಹಂಚುವಾಗ ಪಾಲಿಲ್ಲದ ಬಂಧುಗಳು, ಅನಾಥರು, ಬಡವರು ಹಾಜರಿದ್ದರೆ ಅವರಿಗೂ ಅದರಿಂದ ಏನಾದರೂ ಕೊಡಬೇಕು, ಅವರೊಂದಿಗೆ ಒಳ್ಳೆಯ ಮಾತನ್ನಾಡಬೇಕು ಎಂದು ಕಲಿಸುತ್ತದೆ. ತಮ್ಮ, ತಂಗಿ ಅಲ್ಲಾಹನನ್ನು ಭಯಪಡುವವರಾಗಿದ್ದರೆ ಆ ಹುಡುಗಿಯನ್ನು ಬರಿಗೈಯಲ್ಲಿ ಕಳಿಸಲಾರರು. ಆದರೆ ಇದು ಅವರ ಔದಾರ್ಯಕ್ಕೆ ಬಿಟ್ಟದ್ದು. ಮಗಳ ಭವಿಷ್ಯವನ್ನು ಇನ್ನೊಬ್ಬರ ಔದಾರ್ಯಕ್ಕೆ ಬಿಡುವ ಅಗತ್ಯ ಸಾಕಿದವರಿಗೆ ಇರಲಿಲ್ಲ. ಏಕೆಂದರೆ ಅವರ ಕೈಯಲ್ಲಿ ಎರಡು ದಾರಿಗಳಿದ್ದವು.

ಮೊದಲ ದಾರಿ: ವಸಿಯ್ಯತ್

ವಸಿಯ್ಯತ್ ಅಂದರೆ ಉಯಿಲು. ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ)ರು ರೋಗಶಯ್ಯೆಯಲ್ಲಿದ್ದಾಗ ತಮ್ಮ ಸಂಪತ್ತಿನ ಬಹುಭಾಗವನ್ನು ದಾನ ಮಾಡಲು ಬಯಸಿದರು. ಪ್ರವಾದಿವರ್ಯರು(ಸ) ಮೂರನೇ ಒಂದು ಭಾಗಕ್ಕೆ ಮಾತ್ರ ಅನುಮತಿಯಿತ್ತು, ಅದೂ ಹೆಚ್ಚೇ ಎಂದರು. ಹಾಗಾಗಿ ಸಾಲ ತೀರಿಸಿದ ಬಳಿಕ ಉಳಿದ ಆಸ್ತಿಯ ಮೂರನೇ ಒಂದು ಭಾಗದವರೆಗೆ ಮಾತ್ರ ವಸಿಯ್ಯತ್ ಮಾಡಬಹುದು. ವಾರೀಸುದಾರನಿಗೆ ವಸಿಯ್ಯತ್ ಇಲ್ಲವೆಂಬುದು ಇನ್ನೊಂದು ನಿಯಮ. ಸಾಕು ಮಗಳು ವಾರೀಸುದಾರಳಲ್ಲ ಎಂಬ ವಿಷಯವೇ ಇಲ್ಲಿ ಆಕೆಗೆ ಅನುಕೂಲವಾಗುತ್ತದೆ. ಸ್ವಂತ ಮಗಳಿಗೆ ಇತರ ವಾರೀಸುದಾರರ ಒಪ್ಪಿಗೆಯಿಲ್ಲದೆ ವಸಿಯ್ಯತ್ ಮಾಡುವಂತಿಲ್ಲ, ಸಾಕು ಮಗಳಿಗೆ ಮಾಡಬಹುದು.

ನಮ್ಮ ಉದಾಹರಣೆಗೆ ಹಿಂತಿರುಗೋಣ. ಗಂಡ ಮೂರನೇ ಒಂದು ಭಾಗವನ್ನು ಸಾಕು ಮಗಳಿಗೆ ವಸಿಯ್ಯತ್ ಮಾಡಿದ್ದರೆ 36 ಲಕ್ಷದಲ್ಲಿ 12 ಲಕ್ಷ ಆಕೆಗೆ ಸಿಗುತ್ತಿತ್ತು. ಉಳಿದ 24 ಲಕ್ಷದಲ್ಲಿ ಪತ್ನಿಗೆ 6, ತಮ್ಮನಿಗೆ 12, ತಂಗಿಗೆ 6 ಲಕ್ಷ. ಇಲ್ಲಿ ಒಂದು ಸಂಗತಿಯನ್ನು ಮನದಲ್ಲಿಡಿ. ವಸಿಯ್ಯತ್‌ನಿಂದ ಕಡಿಮೆಯಾದದ್ದು ತಮ್ಮ, ತಂಗಿಯ ಪಾಲು ಮಾತ್ರವಲ್ಲ, ಪತ್ನಿಯ ಪಾಲೂ 9ರಿಂದ 6ಕ್ಕೆ ಇಳಿಯಿತು. ಆದ್ದರಿಂದ ಗಂಡ ಹೆಂಡತಿ ಇಬ್ಬರೂ ಕುಳಿತು ಯೋಚಿಸಿ ನಿರ್ಧರಿಸಬೇಕಾದ ವಿಷಯವಿದು.

ಮೂರನೇ ಒಂದಕ್ಕಿಂತ ಹೆಚ್ಚು ಬರೆದಿದ್ದರೆ, ಹೆಚ್ಚಿನ ಭಾಗವು ವಾರೀಸುದಾರರು ಒಪ್ಪಿದರೆ ಮಾತ್ರ ಊರ್ಜಿತ. ಹನಫೀ ಮದ್‌ಹಬ್ ಪ್ರಕಾರ ಈ ಒಪ್ಪಿಗೆಯನ್ನು ಮರಣಾನಂತರ ಪಡೆಯಬೇಕು. ಬದುಕಿರುವಾಗ ತಮ್ಮ ತಲೆಯಾಡಿಸಿದ್ದ ಎಂಬುದು ಸಾಲದು.

ವಸಿಯ್ಯತ್‌ಗೆ ಛಾಪಾ ಕಾಗದ ಬೇಕೆಂದಿಲ್ಲ, ಬಾಯಿಮಾತಿನ ವಸಿಯ್ಯತ್ ಕೂಡಾ ಸಿಂಧುವೇ. ಆದರೆ ಮನುಷ್ಯ ಮಣ್ಣು ಸೇರಿದ ಮೇಲೆ ಬಾಯಿಮಾತನ್ನು ಯಾರು ಸಾಬೀತುಪಡಿಸುತ್ತಾರೆ? ಬರೆದಿಡಿ. ಫಲಾನುಭವಿಯಲ್ಲದ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಇನ್ನೂ ಭದ್ರ. ಬರೆಯುವಾಗ ನನ್ನ ಮಗಳಿಗೆ ಎಂದು ಮಾತ್ರ ಬರೆಯಬೇಡಿ. ಮುಂದೆ ಆಕೆ ಮಗಳಲ್ಲ, ಆದ್ದರಿಂದ ಈ ಕಾಗದ ಆಕೆಗೆ ಸಂಬಂಧಿಸಿದ್ದಲ್ಲ ಎಂದು ವಾದಿಸುವವರು ಹುಟ್ಟಿಕೊಳ್ಳಬಹುದು. ಇಂತಹವರ ಮಗಳಾದ, ನಾನು ಸಾಕಿ ಬೆಳೆಸಿದ ಇಂತಹವಳಿಗೆ ಎಂದು ಹೆತ್ತ ತಂದೆಯ ಹೆಸರು ಸಹಿತ ಬರೆಯಿರಿ.

ಎರಡನೇ ದಾರಿ: ಹಿಬಾ

ಹಿಬಾ ಅಂದರೆ ಬದುಕಿರುವಾಗಲೇ ಕೊಡುವ ದಾನ. ಇದಕ್ಕೆ ಮೂರನೇ ಒಂದರ ಮಿತಿಯಿಲ್ಲ. ಆರೋಗ್ಯವಂತನಾದ ವ್ಯಕ್ತಿ ತನ್ನ ಆಸ್ತಿಯಿಂದ ತನಗೆ ಬೇಕಾದವರಿಗೆ ಕೊಡಬಹುದು. ನಮ್ಮ ಉದಾಹರಣೆಯಲ್ಲಿ ಗಂಡ 24 ಲಕ್ಷದ ಮನೆಯನ್ನು ಮೊದಲೇ ಸಾಕು ಮಗಳಿಗೆ ಹಿಬಾ ಮಾಡಿದ್ದರೆ ಆ ಮನೆ ಹಂಚಿಕೆಗೇ ಬರುತ್ತಿರಲಿಲ್ಲ. ಉಳಿದ 12 ಲಕ್ಷದಲ್ಲಿ ಪತ್ನಿಗೆ 3, ತಮ್ಮನಿಗೆ 6, ತಂಗಿಗೆ 3 ಲಕ್ಷ ಸಿಗುತ್ತಿತ್ತು.

ಹಿಬಾ ಪೂರ್ಣವಾಗಲು ಮೂರು ವಿಷಯಗಳು ಬೇಕು. ಕೊಟ್ಟೆ ಎಂದು ಕೊಡುವವರು ಹೇಳಬೇಕು, ಸ್ವೀಕರಿಸಿದೆ ಎಂದು ಪಡೆಯುವವರು ಒಪ್ಪಬೇಕು, ಮತ್ತು ಆಸ್ತಿ ಅವರ ಸ್ವಾಧೀನಕ್ಕೆ ಹೋಗಬೇಕು. ಹೆಚ್ಚಿನ ಹಿಬಾಗಳು ಬಿದ್ದುಹೋಗುವುದು ಈ ಮೂರನೆಯದರಲ್ಲಿ. ಮನೆ ನಿನ್ನದೇ ಮಗಳೇ ಎಂದು ಹತ್ತು ಜನರ ಮುಂದೆ ಹೇಳಿರುತ್ತಾರೆ. ಆದರೆ ಖಾತೆ ಅವರದೇ ಹೆಸರಲ್ಲಿ, ಕಂದಾಯ ಅವರದೇ ಹೆಸರಲ್ಲಿ, ಮೇಲಿನ ಮಹಡಿಯ ಬಾಡಿಗೆ ಅವರದೇ ಕೈಯಲ್ಲಿ. ಇದು ಹಿಬಾ ಅಲ್ಲ, ಕೊಡುವೆನೆಂಬ ಆಸೆ ಮಾತ್ರ.

ಹಾಗಾದರೆ ಮನೆ ಕೊಟ್ಟವರು ಮನೆ ಬಿಟ್ಟು ಹೊರಡಬೇಕೇ? ಒಂದೇ ಮನೆಯಲ್ಲಿ ಒಟ್ಟಿಗೆ ವಾಸಿಸುವವರ ನಡುವೆ ಹಾಗೆ ಹೊರಡಬೇಕಾಗಿಲ್ಲ ಎಂದು ನಮ್ಮ ನ್ಯಾಯಾಲಯಗಳು ಒಪ್ಪಿವೆ. ಆದರೆ ಒಡೆತನ ನಿಜವಾಗಿಯೂ ಕೈ ಬದಲಾಯಿತೆಂದು ತೋರಿಸುವ ಕೆಲಸಗಳು ನಡೆದಿರಬೇಕು. ಮೂಲಪತ್ರಗಳನ್ನು ಆಕೆಯ ಕೈಗೆ ಕೊಡುವುದು, ಖಾತೆ ಬದಲಾವಣೆ, ಕಂದಾಯದ ರಶೀದಿ ಆಕೆಯ ಹೆಸರಿಗೆ, ಬಾಡಿಗೆದಾರರಿದ್ದರೆ ಇನ್ನು ಬಾಡಿಗೆ ಆಕೆಗೆ ಎಂದು ತಿಳಿಸುವುದು, ಇವು ಅಂತಹ ಕೆಲಸಗಳು.

1882ರ ಆಸ್ತಿ ವರ್ಗಾವಣೆ ಕಾಯಿದೆಯ 129ನೇ ಕಲಮು ಮುಸ್ಲಿಮರ ಹಿಬಾಕ್ಕೆ ವಿನಾಯಿತಿ ನೀಡಿದೆ. ಬಾಯಿಮಾತಿನ ಹಿಬಾವನ್ನು ಕಾಗದದಲ್ಲಿ ಬರೆದಿಟ್ಟ ಮಾತ್ರಕ್ಕೆ ಅದನ್ನು ನೋಂದಾಯಿಸಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದರೆ ಇದನ್ನು ನಂಬಿ ಸುಮ್ಮನಿರಬೇಡಿ. ಕಲಬುರಗಿ ಕಡೆಯ ಜಮೀನೊಂದರ ವ್ಯಾಜ್ಯ 2025ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ತಾಯಿ ಬಾಯಿಮಾತಿನಲ್ಲಿ ಜಮೀನು ಹಿಬಾ ಮಾಡಿದ್ದಾರೆಂದು ಮಗಳೆಂದು ಹೇಳಿಕೊಂಡವರು ವಾದಿಸಿದ್ದರು. ಸ್ವಾಧೀನಕ್ಕೆ ಸಾಕ್ಷ್ಯವಿಲ್ಲ, ಕಂದಾಯ ದಾಖಲೆಯಲ್ಲಿ ಹೆಸರಿಲ್ಲ ಎಂಬ ಕಾರಣಗಳಿಂದ ಆ ಹಿಬಾ ನಿಲ್ಲಲಿಲ್ಲ. ಆದ್ದರಿಂದ ದಾನಪತ್ರವನ್ನು ನೋಂದಾಯಿಸುವುದೇ ಕ್ಷೇಮ. ಒಂದು ಖರ್ಚಿನ ವಿಷಯ: ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿಯಿದೆ, ಆದರೆ ಅದು ಕಾನೂನಿನಲ್ಲಿ ಹೆಸರಿಸಿದ ಸಂಬಂಧಗಳಿಗೆ ಮಾತ್ರ. ತಂಗಿಯ ಮಗಳು ಆ ಪಟ್ಟಿಯಲ್ಲಿಲ್ಲ. ಪೂರ್ಣ ಶುಲ್ಕ ಬೀಳಬಹುದು. ಮೊದಲೇ ಕಚೇರಿಯಲ್ಲಿ ವಿಚಾರಿಸಿ, ಹಣ ಹೊಂದಿಸಿಕೊಂಡು ಹೋಗಿ.

ಹಿಬಾದಲ್ಲಿ ಇನ್ನೂ ಮೂರು ಎಚ್ಚರಿಕೆಗಳಿವೆ. ಮರಣಕ್ಕೆ ಕಾರಣವಾದ ಕಾಯಿಲೆಯಲ್ಲಿ ಮಲಗಿ, ಸಾವು ಹತ್ತಿರವೆಂಬ ಭಯದಲ್ಲಿ ಕೊಟ್ಟ ಹಿಬಾಕ್ಕೆ ವಸಿಯ್ಯತ್‌ನ ಮಿತಿಯೇ ಅನ್ವಯಿಸುತ್ತದೆ. ಅಂದರೆ ಮೂರನೇ ಒಂದು ಭಾಗ ಮಾತ್ರ. ಆಸ್ಪತ್ರೆಯ ಹಾಸಿಗೆಯಲ್ಲಿ ಹೆಬ್ಬೆಟ್ಟು ಒತ್ತಿಸಿದ ದಾನಪತ್ರಗಳು ಜಗಳಕ್ಕೆ ಕಾರಣವಾಗುವುದು ಇದರಿಂದಲೇ. ಎರಡನೆಯದು, ಅಣ್ಣ ತಮ್ಮಂದಿರೊಂದಿಗೆ ಇನ್ನೂ ಪಾಲಾಗದ ಜಂಟಿ ಆಸ್ತಿ. ಪಾಲು ಮಾಡಲು ಸಾಧ್ಯವಿರುವ ಆಸ್ತಿಯನ್ನು ಪಾಲು ಮಾಡದೆ ಹಿಬಾ ಮಾಡುವುದು ಹನಫೀ ಮದ್‌ಹಬ್‌ನಲ್ಲಿ ದೋಷಪೂರ್ಣ. ಶಾಫಿಈ ಮದ್‌ಹಬ್‌ನಲ್ಲಿ ಹಾಗಿಲ್ಲ. ಹೇಗಿದ್ದರೂ ಮೊದಲು ಪಾಲು ಮಾಡಿಕೊಂಡು ನಂತರ ಕೊಡುವುದು ಲೇಸು. ಮೂರನೆಯದು ಮಗುವಿನ ವಯಸ್ಸು. ಸ್ವಂತ ಅಪ್ರಾಪ್ತ ಮಗುವಿಗೆ ತಂದೆ ಕೊಟ್ಟರೆ ತಂದೆಯೇ ಪೋಷಕನಾದ್ದರಿಂದ ಸ್ವಾಧೀನದ ತೊಡಕಿಲ್ಲ. ಸಾಕು ತಂದೆ ಕಾನೂನಿನಲ್ಲಿ ಆ ಮಗುವಿನ ಆಸ್ತಿಗೆ ಪೋಷಕನಲ್ಲ. ಆದ್ದರಿಂದ ಮಗುವಿಗೆ 18 ವರ್ಷ ತುಂಬಿದ ಮೇಲೆ ಹಿಬಾ ಮಾಡುವುದು ಸರಳ. ಅದಕ್ಕೂ ಮೊದಲು ಕೊಡುವುದಿದ್ದರೆ ಮಗುವಿನ ಹೆತ್ತ ತಂದೆಯ ಮೂಲಕ ಸ್ವೀಕರಿಸುವಂತೆ ಮಾಡಬೇಕು ಅಥವಾ 1890ರ ಪೋಷಕರು ಮತ್ತು ಪೋಷಿತರ ಕಾಯಿದೆಯಡಿ ನ್ಯಾಯಾಲಯದಿಂದ ಪೋಷಕತ್ವ ಪಡೆಯಬೇಕು.

ಅಲ್ಲಿಯವರೆಗೆ ಏನಾದರೂ ಸಂಭವಿಸಿದರೆ? ಅದಕ್ಕೇ ವಸಿಯ್ಯತ್ ಬರೆದಿಡಬೇಕು. ವಸಿಯ್ಯತ್ ಇಂದು, ಹಿಬಾ ಸಮಯ ಬಂದಾಗ. ಬ್ಯಾಂಕಿನಲ್ಲಿ ನಾಮಿನಿ ಎಂದು ಆಕೆಯ ಹೆಸರು ಕೊಟ್ಟಿದ್ದೇನೆ, ಸಾಕು ಎಂದು ನೆಮ್ಮದಿಯಿಂದಿರಬೇಡಿ. ನಾಮಿನಿ ಬ್ಯಾಂಕಿನಿಂದ ಹಣ ಪಡೆಯಬಲ್ಲರಷ್ಟೇ, ಹಣ ವಾರೀಸುದಾರರದ್ದೇ ಆಗಿರುತ್ತದೆ.

ಮಿತಿಯಿಲ್ಲವೆಂದು ಎಲ್ಲವನ್ನೂ ಸಾಕು ಮಗುವಿಗೆ ಬರೆದುಕೊಟ್ಟು, ಅಣ್ಣ ತಮ್ಮಂದಿರಿಗೆ ಏನೂ ಸಿಗಬಾರದೆಂಬ ಹಗೆಯಿಂದ ವರ್ತಿಸುವುದೂ ಸಲ್ಲದು. ವಾರೀಸುದಾರರನ್ನು ಇನ್ನೊಬ್ಬರ ಮುಂದೆ ಕೈಚಾಚುವ ಸ್ಥಿತಿಯಲ್ಲಿ ಬಿಟ್ಟುಹೋಗುವುದಕ್ಕಿಂತ ಅನುಕೂಲಸ್ಥರಾಗಿ ಬಿಟ್ಟುಹೋಗುವುದು ಉತ್ತಮವೆಂದು ಸಅದ್(ರ)ರಿಗೆ ಪ್ರವಾದಿಯವರು(ಸ) ತಿಳಿಸಿದ್ದನ್ನು ನೆನಪಿಡಬೇಕು.

ದೇಶದ ಕಾನೂನು ಏನನ್ನುತ್ತದೆ?

ಹಿಂದೂ ದತ್ತಕ ಕಾಯಿದೆ ಮುಸ್ಲಿಮರಿಗೆ ಅನ್ವಯಿಸುವುದಿಲ್ಲ. ಆದರೆ ಬಾಲನ್ಯಾಯ ಕಾಯಿದೆಯಡಿ ಯಾವ ಧರ್ಮದವರೂ ಮಗುವನ್ನು ದತ್ತು ಪಡೆಯಬಹುದು. ಬಯಸುವವರು ಈ ಕಾನೂನನ್ನು ಬಳಸಬಹುದು, ತಮ್ಮ ವೈಯಕ್ತಿಕ ಕಾನೂನಿನಂತೆ ನಡೆಯಲು ಬಯಸುವವರು ಹಾಗೆಯೇ ನಡೆಯಬಹುದು ಎಂದು ಸುಪ್ರೀಂ ಕೋರ್ಟ್ 2014ರ ಫೆಬ್ರವರಿಯಲ್ಲಿ ಶಬ್ನಂ ಹಾಶ್ಮಿ ಪ್ರಕರಣದಲ್ಲಿ ತೀರ್ಪಿತ್ತಿತು. ಈಗ ಜಾರಿಯಲ್ಲಿರುವ 2015ರ ಕಾಯಿದೆಯ 63ನೇ ಕಲಮಿನ ಪ್ರಕಾರ, ದತ್ತು ಆದೇಶವಾದ ಮಗು ಉಯಿಲಿಲ್ಲದ ಆಸ್ತಿಯ ವಾರೀಸು ಸೇರಿದಂತೆ ಎಲ್ಲ ಉದ್ದೇಶಗಳಿಗೂ ದತ್ತು ಪಡೆದವರ ಮಗುವಾಗುತ್ತದೆ, ಹೆತ್ತವರ ಕುಟುಂಬದೊಂದಿಗಿನ ಕಾನೂನು ಸಂಬಂಧ ಕಡಿಯುತ್ತದೆ. 2022ರ ಸೆಪ್ಟೆಂಬರ್‌ನಿಂದ ಈ ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿ ನೀಡುತ್ತಾರೆ.

ಇಲ್ಲಿ ಶರೀಅತ್ ಮತ್ತು ಕಾಯಿದೆ ಬೇರೆ ಬೇರೆ ದಾರಿಯಲ್ಲಿವೆ ಎಂಬುದನ್ನು ಮುಚ್ಚಿಡುವಂತಿಲ್ಲ. ಶರೀಅತ್ತಿನಂತೆ ಬದುಕಬಯಸುವ ಕುಟುಂಬ ಪೋಷಕತ್ವದೊಂದಿಗೆ ಹಿಬಾ ಮತ್ತು ವಸಿಯ್ಯತ್‌ನ ದಾರಿಯನ್ನು ಆರಿಸುತ್ತದೆ. ಕಾಯಿದೆಯಡಿ ದತ್ತು ಆದೇಶ ಪಡೆದವರು, ಮುಂದೆ ಸಹೋದರರು ಒಂದು ಕಾನೂನು, ಮಗು ಇನ್ನೊಂದು ಕಾನೂನು ಹಿಡಿದು ಕೋರ್ಟಿಗೆ ಹೋಗುವ ಪರಿಸ್ಥಿತಿ ಬರಬಹುದೆಂದು ತಿಳಿದು, ಮಗುವಿಗೆ ಕೊಡಬೇಕಾದುದನ್ನು ಬದುಕಿರುವಾಗಲೇ ಹಿಬಾ ಮೂಲಕ ಕೊಟ್ಟುಬಿಡುವುದು ಜಾಣತನ.

ಆದರೆ ಒಂದು ವಿಷಯದಲ್ಲಿ ಆಯ್ಕೆಯೇ ಇಲ್ಲ. ಅನಾಥ ಅಥವಾ ಪರಿತ್ಯಕ್ತ ಮಗುವನ್ನು ಆಸ್ಪತ್ರೆಯ ಆಯಾ ಮೂಲಕವೋ ಮಧ್ಯವರ್ತಿಗಳ ಮೂಲಕವೋ ಗುಟ್ಟಾಗಿ ತಂದು ಸಾಕುವುದು ಅಪರಾಧ. ಕಾಯಿದೆಯ ವಿಧಾನ ಬಿಟ್ಟು ಅಂತಹ ಮಗುವನ್ನು ದತ್ತಿಗಾಗಿ ಕೊಟ್ಟವರಿಗೂ ಪಡೆದವರಿಗೂ ಮೂರು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಅಂತಹ ಮಗುವಿಗೆ ಸುಳ್ಳು ಜನನ ಪ್ರಮಾಣಪತ್ರ ಮಾಡಿಸಿದರೆ ಆಸ್ತಿಯ ಹಕ್ಕೂ ಬರುವುದಿಲ್ಲ, ವಂಶ ಬದಲಿಸಿದ ಪಾಪವೂ ತಪ್ಪುವುದಿಲ್ಲ. ಶಾಲೆಗೆ ಸೇರಿಸುವಾಗ ಪೋಷಕರ ಹೆಸರು ಬರೆಸಲು ಅವಕಾಶವಿರುತ್ತದೆ. ಅಲ್ಲಿ ಪೋಷಕ ಎಂದು ಬರೆಸಿ, ತಂದೆಯ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಬರೆಸಬೇಡಿ ಎಂದು ಶಿಕ್ಷಕನಾಗಿ ನಾನು ಪೋಷಕರಲ್ಲಿ ಹೇಳುತ್ತೇನೆ.

ವಿವಾಹದ ಹೊರಗೆ ಜನಿಸಿದ ಮಗು

ಇನ್ನು ಎರಡನೇ ವಿಷಯಕ್ಕೆ ಬರೋಣ. ಮೊದಲು ತಿಳಿಯಬೇಕಾದುದು, ಯಾವ ಮಗುವನ್ನೂ ಅವಸರದಿಂದ ವಿವಾಹಬಾಹಿರ ಎನ್ನುವಂತಿಲ್ಲ. ಮಗುವಿನ ವಂಶವನ್ನು ಉಳಿಸುವ ಕಡೆಗೇ ಶರೀಅತ್ತಿನ ಒಲವು. ನಿಕಾಹ್ ಆಗಿ ಆರು ತಿಂಗಳ ಬಳಿಕ ಹುಟ್ಟಿದ ಮಗು ಪತಿಯದೇ. ಸಾಕ್ಷಿಗಳಿಲ್ಲದೆ ನಡೆದ ನಿಕಾಹ್‌ನಂತಹ ದೋಷಪೂರ್ಣ ವಿವಾಹದಲ್ಲಿ ಹುಟ್ಟಿದ ಮಕ್ಕಳೂ ತಂದೆಯ ಮಕ್ಕಳೇ, ಅವರಿಗೆ ಪೂರ್ಣ ಪಾಲಿದೆ. ತಂದೆ ಯಾರೆಂಬುದು ಸ್ಪಷ್ಟವಿಲ್ಲದ ಮಗುವನ್ನು ಒಬ್ಬ ವ್ಯಕ್ತಿ ತನ್ನ ವಿವಾಹದಿಂದ ಹುಟ್ಟಿದ ಮಗುವೆಂದು ಒಪ್ಪಿಕೊಂಡರೆ, ವಯಸ್ಸಿನ ಅಂತರ ಸರಿಯಿದ್ದು, ಮಗು ವ್ಯಭಿಚಾರದಿಂದ ಹುಟ್ಟಿದ್ದೆಂದು ರುಜುವಾತಾಗದಿದ್ದರೆ ಆ ಒಪ್ಪಿಗೆ ಊರ್ಜಿತ. ಇದಕ್ಕೆ ಇಕ್ರಾರ್ ಎನ್ನುತ್ತಾರೆ. ಆದರೆ ಹೆತ್ತವರು ಯಾರೆಂದು ತಿಳಿದಿರುವ ಸಾಕು ಮಗುವನ್ನು ಇಕ್ರಾರ್ ಮೂಲಕ ಸ್ವಂತ ಮಗುವಾಗಿಸಲು ಸಾಧ್ಯವಿಲ್ಲ. ದೇಶದ ಸಾಕ್ಷ್ಯ ಕಾನೂನಿನಲ್ಲೂ, ಸಿಂಧುವಾದ ವಿವಾಹ ಜಾರಿಯಲ್ಲಿರುವಾಗ ಅಥವಾ ಅದು ಮುರಿದು, ತಾಯಿ ಮರುಮದುವೆಯಾಗದೆ 280 ದಿನಗಳೊಳಗೆ ಹುಟ್ಟಿದ ಮಗು ಪತಿಯದೇ ಎಂದು ಪರಿಗಣಿಸಲಾಗುತ್ತದೆ.

ಇಷ್ಟೆಲ್ಲ ಆದ ಬಳಿಕವೂ ವಿವಾಹದ ಹೊರಗೆ ಹುಟ್ಟಿದ್ದೆಂಬುದು ಸ್ಪಷ್ಟವಾದರೆ, ಆ ಮಗು ತಂದೆಯೆನಿಸಿದವನ ವಾರೀಸುದಾರನಲ್ಲ, ಅವನೂ ಮಗುವಿನ ವಾರೀಸುದಾರನಲ್ಲ. ಆದರೆ ತಾಯಿಯ ಕಡೆ ಹಾಗಲ್ಲ. ಹನಫೀ ಮತ್ತು ಶಾಫಿಈ ಎರಡೂ ಮದ್‌ಹಬ್‌ಗಳಲ್ಲಿ ಆ ಮಗು ತಾಯಿಯ ಸಂಪೂರ್ಣ ವಾರೀಸುದಾರ. ತಾಯಿಯ ಸಂಬಂಧಿಕರಿಂದಲೂ ಆ ಸಂಬಂಧಕ್ಕೆ ತಕ್ಕಂತೆ ಪಾಲು ಪಡೆಯುತ್ತದೆ. ಶಿಯಾ ಇಸ್ನಾ ಅಶರೀ ಪಂಥದಲ್ಲಿ ಮಾತ್ರ ಎರಡೂ ಕಡೆಯಿಂದ ವಾರೀಸು ಇಲ್ಲ.

ಇದನ್ನೂ ಲೆಕ್ಕದಲ್ಲಿ ನೋಡೋಣ. ಅಂತಹ ಒಬ್ಬ ಮಗನಿರುವ ತಾಯಿ ತೀರಿಕೊಂಡಳು. ಆಕೆಗೆ ಪತಿಯಿಲ್ಲ, ತಂದೆಯಿಲ್ಲ. ತಾಯಿ ಮತ್ತು ಒಬ್ಬ ಅಣ್ಣ ಇದ್ದಾರೆ. ಸಾಲ ಕಳೆದು ಉಳಿದ ಆಸ್ತಿ 12 ಲಕ್ಷ. ಆಕೆಯ ತಾಯಿಗೆ ಆರನೇ ಒಂದು, ಅಂದರೆ 2 ಲಕ್ಷ. ಉಳಿದ 10 ಲಕ್ಷ ಮಗನಿಗೆ. ಅಣ್ಣನಿಗೆ ಏನೂ ಇಲ್ಲ. ಈ ಹುಡುಗನನ್ನು ಅವಮಾನದ ಮಾತಿನಿಂದ ಹೊರದಬ್ಬಿ ಅಣ್ಣ ಆ 10 ಲಕ್ಷ ತೆಗೆದುಕೊಂಡರೆ, ಅವನು ತಿಂದದ್ದು ಇನ್ನೊಬ್ಬರ ಪಾಲನ್ನು. ತಾಯಿಯ ತಪ್ಪು ಏನೇ ಇರಲಿ, ಅದರ ಭಾರವನ್ನು ಮಗು ಹೊರುವುದಿಲ್ಲ.

ತಂದೆಯೆನಿಸಿದವನಿಗೆ ತನ್ನ ಹೊಣೆಯ ಅರಿವಾದರೆ ಅವನಿಗೂ ಅದೇ ಎರಡು ದಾರಿಗಳಿವೆ. ಮಗು ವಾರೀಸುದಾರನಲ್ಲವಾದ್ದರಿಂದ ಮೂರನೇ ಒಂದು ಭಾಗದವರೆಗೆ ವಸಿಯ್ಯತ್ ಮಾಡಬಹುದು, ಬದುಕಿರುವಾಗ ಹಿಬಾ ಕೊಡಬಹುದು. ಅವನು ಸುಮ್ಮನಿದ್ದರೂ ಜೀವನಾಂಶದ ಹಕ್ಕು ಬಿಟ್ಟುಹೋಗುವುದಿಲ್ಲ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಂತೆಯೇ, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಕೂಡಾ ವಿವಾಹದ ಹೊರಗೆ ಜನಿಸಿದ ಮಗುವಿಗೆ ತಂದೆಯಿಂದ ಜೀವನಾಂಶ ಕೊಡಿಸುತ್ತದೆ. ಧರ್ಮಭೇದವಿಲ್ಲದೆ ಎಲ್ಲರಿಗೂ ಇದು ಅನ್ವಯ.

2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಸಿಂಧು ವಿವಾಹದ ಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಪಾಲಿದೆ ಎಂದ ಸುದ್ದಿಯನ್ನು ನೀವು ಓದಿರಬಹುದು. ರೇವಣಸಿದ್ದಪ್ಪ ಪ್ರಕರಣದ ಆ ತೀರ್ಪು ಹಿಂದೂ ವಿವಾಹ ಕಾಯಿದೆಯ 16ನೇ ಕಲಮಿಗೆ ಸಂಬಂಧಿಸಿದ್ದು. ಅದನ್ನು ನಂಬಿ ಮುಸ್ಲಿಮ್ ತಾಯಿಯೊಬ್ಬಳು ಮಗುವಿನ ಪರವಾಗಿ ತಂದೆಯ ಆಸ್ತಿಗೆ ಕಾದು ಕುಳಿತರೆ ವರ್ಷಗಳು ವ್ಯರ್ಥವಾದಾವು. ಆಕೆ ಕೇಳಬೇಕಾದುದು ಜೀವನಾಂಶ. ಭದ್ರಪಡಿಸಬೇಕಾದುದು ತನ್ನ ಸ್ವಂತ ಆಸ್ತಿಯ ದಾಖಲೆ, ಏಕೆಂದರೆ ಮಗುವಿನ ನಿಶ್ಚಿತ ಹಕ್ಕು ಇರುವುದು ಅಲ್ಲಿ.

ನಿಮ್ಮ ಮನೆಯಲ್ಲಿ ಸಾಕಿದ ಮಗುವಿದ್ದರೆ ಇಂದು ರಾತ್ರಿ ಪತಿಯ ಬಳಿ ಈ ಮಾತನ್ನೆತ್ತಿ. ಮನೆ ಯಾರ ಹೆಸರಲ್ಲಿದೆ, ಸಾಲವೆಷ್ಟು, ನಿಮ್ಮ ಮಹ್ರ್ ಸಂದಾಯವಾಗಿದೆಯೇ, ಉಳಿದದ್ದರ ಮೂರನೇ ಒಂದು ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನಿಮ್ಮ ಹೆಸರಿನಲ್ಲೇ ಚಿನ್ನವೋ ಸೈಟೋ ಇದ್ದರೆ ಅದಕ್ಕೂ ಇದೇ ನಿಯಮ, ಆ ವಸಿಯ್ಯತ್ತನ್ನು ನೀವೇ ಬರೆಯಬೇಕು, ಪತಿ ಬರೆದದ್ದು ಅದಕ್ಕೆ ಸಾಲದು. ಆ ಹಾಳೆಯನ್ನು ಹಿಡಿದು ಒಬ್ಬ ಆಲಿಮರನ್ನೂ ಒಬ್ಬ ವಕೀಲರನ್ನೂ ಕಾಣಿ. ಇಬ್ಬರನ್ನೂ ಕಾಣಬೇಕು. ಏಕೆಂದರೆ ಪಾಲಿನ ಲೆಕ್ಕ ಒಬ್ಬರಿಗೆ ಗೊತ್ತು, ಆ ಪಾಲು ಕಚೇರಿಯಲ್ಲಿ ನಿಲ್ಲುವಂತೆ ಬರೆಯುವುದು ಇನ್ನೊಬ್ಬರಿಗೆ ಗೊತ್ತು.